ಅಂತರರಾಷ್ಟ್ರೀಯ ಕಾನೂನು ಪತ್ರಿಕೆ: ಎಂಟು ವಾರದ ಓದಿನ ಯೋಜನೆ

ಯಾರಿಗೆ: ಕೊಪ್ಪಳದಿಂದ ಬಳ್ಳಾರಿಯ ಕಾಲೇಜಿಗೆ ರೈಲಿನಲ್ಲಿ ಓಡಾಡುವ, ಕನ್ನಡದಲ್ಲಿ ಉತ್ತರ ಬರೆಯುವ ಎಲ್‌ಎಲ್‌.ಬಿ. ಅಂತಿಮ ವರ್ಷದ ವಿದ್ಯಾರ್ಥಿನಿಗೆ
ಅವಧಿ: ಏಪ್ರಿಲ್ 13, ಸೋಮವಾರದಿಂದ ಜೂನ್ 7, ಭಾನುವಾರದವರೆಗೆ. ಪರೀಕ್ಷೆ ಜೂನ್ 8
ಪತ್ರಿಕೆ: 80 ಅಂಕ, 3 ಗಂಟೆ, 5 ಘಟಕ. ಪ್ರತಿ ಘಟಕಕ್ಕೆ 10 ಅಂಕದ ಒಂದು ಪ್ರಬಂಧ, 6 ಅಂಕದ ಒಂದು ಟಿಪ್ಪಣಿ ಅಥವಾ ಸಮಸ್ಯೆ

ಸಮಯ

ಸೋಮವಾರದಿಂದ ಶನಿವಾರ ಬೆಳಿಗ್ಗೆ 5ರಿಂದ 7, ಭಾನುವಾರ 5ರಿಂದ 8. ವಾರಕ್ಕೆ 15 ಗಂಟೆ, ಒಟ್ಟು 120. ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆ ಓದು ತಲೆಗೆ ಹತ್ತುವುದಿಲ್ಲ. ಆ ಹೊತ್ತನ್ನು ಲೆಕ್ಕಕ್ಕೇ ಹಿಡಿಯಬೇಡಿ. ರೈಲಿನಲ್ಲಿ ಹೊಸ ಪಾಠ ಬೇಡ, ಮೊಕದ್ದಮೆ ಚೀಟಿಗಳನ್ನು ತಿರುವಿ ಹಾಕಿದರೆ ಸಾಕು. ಸೀಟು ಸಿಗದ ದಿನವೂ ಅದಾಗುತ್ತದೆ.

ಎರಡು ಗಂಟೆಯಲ್ಲಿ ಓದು 80 ನಿಮಿಷ, ಪುಸ್ತಕ ಮುಚ್ಚಿ ಬರೆಯುವುದು 40 ನಿಮಿಷ. ಬರೆಯುವುದನ್ನು ಕೊನೆಯ ವಾರಕ್ಕೆ ಇಟ್ಟುಕೊಂಡವರೇ ಈ ಪತ್ರಿಕೆಯಲ್ಲಿ ಹೆಚ್ಚು ಅಂಕ ಬಿಡುವುದು. ಮೊಕದ್ದಮೆಯ ಹೆಸರು ನೆನಪಿರುತ್ತದೆ, ಅದು ಯಾವ ತತ್ವಕ್ಕೆ ಎಂಬುದು ಕೈಕೊಡುತ್ತದೆ.

ಒಂದು ಪಠ್ಯಪುಸ್ತಕ ಸಾಕು. ಅದರ ಜೊತೆ ವಿಶ್ವಸಂಸ್ಥೆಯ ಸನ್ನದು, ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನ, 1961 ಮತ್ತು 1969ರ ವಿಯೆನ್ನಾ ಒಡಂಬಡಿಕೆಗಳ ಮೂಲಪಾಠವನ್ನು ಮುದ್ರಿಸಿ ಇಟ್ಟುಕೊಳ್ಳಿ. ಗೈಡುಗಳಲ್ಲಿ ವಿಧಿಯ ಸಂಖ್ಯೆ ತಪ್ಪಿರುವುದುಂಟು.

ಮೊಕದ್ದಮೆ ಚೀಟಿಗೆ ನಾಲ್ಕೇ ಸಾಲು: ಪಕ್ಷಗಾರರು ಮತ್ತು ವರ್ಷ, ತೀರ್ಪು ಕೊಟ್ಟವರು, ವಿವಾದ, ತತ್ವ. ಎರಡನೇ ಸಾಲನ್ನು ಬಿಡಬೇಡಿ. ಲೋಟಸ್ (1927) ತೀರ್ಪು ಹಳೆಯ ಕಾಯಂ ನ್ಯಾಯಾಲಯದ್ದು, ಪಾಲ್ಮಾಸ್ ದ್ವೀಪದ್ದು (1928) ಮಧ್ಯಸ್ಥಿಕೆ, ಪಾಕೆಟೆ ಹಬಾನಾ (1900) ಅಮೆರಿಕದ ಸುಪ್ರೀಂ ಕೋರ್ಟಿನದು. ಮೂರನ್ನೂ ಹೇಗ್‌ನ ಈಗಿನ ನ್ಯಾಯಾಲಯದ ತಲೆಗೆ ಕಟ್ಟಿದ ಉತ್ತರಗಳು ಬೇಕಾದಷ್ಟು. ಒಟ್ಟು 30 ಚೀಟಿ ಮೀರದಿರಲಿ.

1 ಮತ್ತು 2ನೇ ವಾರ: ಮೂಲಗಳು, ದೇಶೀಯ ಕಾನೂನಿನ ಸಂಬಂಧ

ಅರ್ಧ ಪತ್ರಿಕೆ ನಿಂತಿರುವುದೇ ಈ ಭಾಗದ ಮೇಲೆ, ಅದಕ್ಕೇ ಎರಡು ವಾರ. ಶಾಸನದ 38(1)ನೇ ವಿಧಿಯನ್ನು ಬಾಯಿಪಾಠ ಮಾಡಿ: ಒಪ್ಪಂದ, ರೂಢಿ, ಸಾಮಾನ್ಯ ತತ್ವಗಳು, ಪೂರಕವಾಗಿ ತೀರ್ಪು ಮತ್ತು ಪಂಡಿತರ ಬರಹ. ತೀರ್ಪು ಪೂರಕ ಏಕೆ ಎಂದರೆ 59ನೇ ವಿಧಿಯ ಪ್ರಕಾರ ಅದು ಆ ಪಕ್ಷಗಾರರನ್ನು, ಆ ಮೊಕದ್ದಮೆಯ ಮಟ್ಟಿಗೆ ಮಾತ್ರ ಕಟ್ಟುತ್ತದೆ.

ರೂಢಿಗೆ ಎರಡು ಅಂಶ: ರಾಷ್ಟ್ರಗಳ ಆಚರಣೆ, ಮತ್ತು ಇದು ಕಾನೂನಿನ ಬಾಧ್ಯತೆ ಎಂಬ ನಂಬಿಕೆ, ಅಂದರೆ ಒಪಿನಿಯೋ ಜೂರಿಸ್. ಎರಡನೆಯದಕ್ಕೆ ಉತ್ತರ ಸಮುದ್ರ ಭೂಖಂಡೀಯ ಶೆಲ್ಫ್ ಮೊಕದ್ದಮೆ (1969). ಪ್ರಾದೇಶಿಕ ರೂಢಿ ಸಾಬೀತಾಗದೆ ಕೊಲಂಬಿಯಾ ಸೋತದ್ದು ಆಶ್ರಯ ಮೊಕದ್ದಮೆಯಲ್ಲಿ (1950). ಎರಡೇ ದೇಶಗಳ ನಡುವೆಯೂ ರೂಢಿ ಹುಟ್ಟಬಹುದು ಎಂದದ್ದು ಪೋರ್ಚುಗಲ್ ಮತ್ತು ಭಾರತದ ಹಾದಿ ಹಕ್ಕಿನ ಮೊಕದ್ದಮೆ (1960). ಅಲ್ಲಿ ಖಾಸಗಿ ಜನ, ನಾಗರಿಕ ಅಧಿಕಾರಿಗಳು ಮತ್ತು ಸರಕಿಗೆ ಹಾದಿಯ ಹಕ್ಕು ಸಿಕ್ಕಿತು, ಸಶಸ್ತ್ರ ಪಡೆಗೆ ಸಿಗಲಿಲ್ಲ. ಸಮಸ್ಯೆ ಪ್ರಶ್ನೆಗೆ ಈ ವ್ಯತ್ಯಾಸವೇ ತಿರುಳು.

ಭಾರತದ ಭಾಗಕ್ಕೆ ಸಂವಿಧಾನದ 51(ಸಿ) ಮತ್ತು 253, ಜಾಲಿ ಜಾರ್ಜ್ ವರ್ಗೀಸ್ (1980), ಗ್ರಾಮೋಫೋನ್ ಕಂಪನಿ (1984), ವಿಶಾಖಾ (1997). ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಇಲ್ಲಿನ ಕೋರ್ಟುಗಳಲ್ಲಿ ಅದು ಕಾನೂನಾಯಿತು ಎಂದು ಬರೆದರೆ ವರ್ಗೀಸ್ ಮೊಕದ್ದಮೆ ಓದಿಲ್ಲ ಎಂದೇ ಅರ್ಥ.

3ನೇ ವಾರ: ರಾಷ್ಟ್ರ, ಮಾನ್ಯತೆ, ಹೊಣೆಗಾರಿಕೆ

ಮಾಂಟೆವಿಡಿಯೊ (1933) ಒಂದನೇ ವಿಧಿಯ ನಾಲ್ಕು ಲಕ್ಷಣಗಳಿಂದ ಶುರು ಮಾಡಿ: ಕಾಯಂ ಜನಸಂಖ್ಯೆ, ನಿಶ್ಚಿತ ಪ್ರದೇಶ, ಸರ್ಕಾರ, ಬೇರೆ ರಾಷ್ಟ್ರಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಮಾನ್ಯತೆಯ ಎರಡು ಸಿದ್ಧಾಂತಗಳಿಗೆ ಒಂದು ದಿನ ಸಾಕು. ಹೊಣೆಗಾರಿಕೆಗೆ ಖೊರ್ಝುವ್ (1928), ಕಾರ್ಫು ಕಾಲುವೆ (1949), ಮತ್ತು ಅಂತರರಾಷ್ಟ್ರೀಯ ಕಾನೂನು ಆಯೋಗದ 2001ರ ಕರಡು ವಿಧಿಗಳು.

4ನೇ ವಾರ: ಒಪ್ಪಂದ, ರಾಯಭಾರಿ, ಹಸ್ತಾಂತರ

1969ರ ಒಡಂಬಡಿಕೆಯಲ್ಲಿ 19ರಿಂದ 23 (ಮೀಸಲಾತಿ ಷರತ್ತು), 26, 31, 53, 62. ಭಾರತ ಇದರ ಪಕ್ಷಗಾರನಲ್ಲ. ಆದರೂ ಇದರ ಹಲವು ನಿಯಮ ರೂಢಿಯಾಗಿ ಅನ್ವಯಿಸುತ್ತವೆ ಎಂದು ಬರೆಯುವುದು ಮರೆಯಬಾರದು.

ಭಾನುವಾರಕ್ಕೆ ಈ ಸಮಸ್ಯೆ: ರಾಯಭಾರಿಯೊಬ್ಬ ಕುಡಿದು ಕಾರು ಓಡಿಸಿ ಪಾದಚಾರಿಯನ್ನು ಕೊಂದಿದ್ದಾನೆ, ಪೊಲೀಸರು ಬಂಧಿಸಬಹುದೇ? 12 ನಿಮಿಷದಲ್ಲಿ ಬರೆಯಿರಿ. 1961ರ ಒಡಂಬಡಿಕೆಯ 29ನೇ ವಿಧಿ ಬಂಧನವನ್ನು ತಡೆಯುತ್ತದೆ, 31 ಕ್ರಿಮಿನಲ್ ವಿಚಾರಣೆಯನ್ನು. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಅಂಕ. ವಿನಾಯಿತಿ ಬಿಟ್ಟುಕೊಡುವ ಅಧಿಕಾರ ಕಳುಹಿಸಿದ ದೇಶದ್ದು (32), ರಾಯಭಾರಿಯದಲ್ಲ. ಅದು ಒಪ್ಪದಿದ್ದರೆ ಅವನನ್ನು ಬೇಡದ ವ್ಯಕ್ತಿ ಎಂದು ಘೋಷಿಸಬಹುದು (9). ವಿನಾಯಿತಿ ಇದೆ ಎಂದರೆ ಅಪರಾಧವೇ ನಡೆದಿಲ್ಲ ಎಂದಲ್ಲ. 41ನೇ ವಿಧಿಯಂತೆ ಸ್ಥಳೀಯ ಕಾನೂನು ಪಾಲಿಸುವ ಕರ್ತವ್ಯ ಅವನಿಗೂ ಇತ್ತು. ಪ್ರಶ್ನೆಯಲ್ಲಿ ‘ಕಾನ್ಸುಲ್’ ಎಂದಿದ್ದರೆ 1963ರ ಒಡಂಬಡಿಕೆಗೆ ಹೋಗಿ. ಕುಲಭೂಷಣ್ ಜಾಧವ್ ಮೊಕದ್ದಮೆ (2019) ಬರುವುದು ಅದರ 36ನೇ ವಿಧಿಯಡಿ.

ಹಸ್ತಾಂತರಕ್ಕೆ 1962ರ ಭಾರತೀಯ ಕಾಯ್ದೆ, ರಾಜಕೀಯ ಅಪರಾಧದ ವಿನಾಯಿತಿ, ದ್ವಿ-ಅಪರಾಧ ತತ್ವ.

5ನೇ ವಾರ: ಸಮುದ್ರ

1982ರ ಒಡಂಬಡಿಕೆ ಜಾರಿಗೆ ಬಂದದ್ದು 1994ರಲ್ಲಿ. ಪ್ರಾದೇಶಿಕ ಸಮುದ್ರ 12 ನಾಟಿಕಲ್ ಮೈಲಿ, ಕಂಟಿಗ್ಯುಯಸ್ ವಲಯ 24, ವಿಶೇಷ ಆರ್ಥಿಕ ವಲಯ 200. ಎಲ್ಲವನ್ನೂ ಅಳೆಯುವುದು ದಡದ ಆಧಾರ ರೇಖೆಯಿಂದಲೇ. 12ರ ಮುಂದೆ ಮತ್ತೆ 24 ಎಂದು ಕೂಡಿಸಿ ಚಿತ್ರ ಬರೆಯುವವರಿದ್ದಾರೆ. ಹಾಗೆ ಬರೆದ ಮೇಲೆ ಉಳಿದ ಉತ್ತರ ಸರಿಯಿದ್ದೂ ಪ್ರಯೋಜನವಿಲ್ಲ. ಆರ್ಥಿಕ ವಲಯದಲ್ಲಿ ದೇಶಕ್ಕಿರುವುದು ಸಂಪನ್ಮೂಲದ ಮೇಲಿನ ಹಕ್ಕು, ಪೂರ್ಣ ಸಾರ್ವಭೌಮತ್ವವಲ್ಲ. ಲೋಟಸ್ ಚೀಟಿಯ ಹಿಂದೆ ಬರೆದುಕೊಳ್ಳಿ: ತೆರೆದ ಸಮುದ್ರದ ಡಿಕ್ಕಿ ಪ್ರಕರಣಗಳಲ್ಲಿ ಆ ನಿಲುವನ್ನು 97ನೇ ವಿಧಿ ಕೈಬಿಟ್ಟಿದೆ. ಭಾರತದ 1976ರ ಸಾಗರ ವಲಯ ಕಾಯ್ದೆಯನ್ನೂ ಸೇರಿಸಿ.

6ನೇ ವಾರ: ವಿಶ್ವಸಂಸ್ಥೆ, ಬಲಪ್ರಯೋಗ, ಯುದ್ಧದ ಕಾನೂನು

ಅಂಗಸಂಸ್ಥೆಗಳ ವಿವರಣೆ ಪದವಿಯಲ್ಲೇ ಓದಿದ್ದೀರಿ, ಒಂದು ಬೆಳಿಗ್ಗೆ ಸಾಕು. ಸಮಯ ಬೇಕಾಗುವುದು 2(4)ರ ನಿಷೇಧ, 51ರ ಆತ್ಮರಕ್ಷಣೆ, 39, 41, 42 ಮತ್ತು ನಿಕಾರಾಗುವ (1986) ಇವಕ್ಕೆ. 1949ರ ನಾಲ್ಕು ಜಿನೀವಾ ಒಡಂಬಡಿಕೆಗಳಲ್ಲಿ ಯಾವುದು ಯಾರನ್ನು ರಕ್ಷಿಸುತ್ತದೆ ಎಂಬುದು ಕ್ರಮವಾಗಿ ಬರಬೇಕು: ಭೂಸೇನೆಯ ಗಾಯಾಳು, ನೌಕಾಪಡೆಯ ಗಾಯಾಳು, ಯುದ್ಧಕೈದಿ, ನಾಗರಿಕ. ರಾಷ್ಟ್ರಗಳ ವ್ಯಾಜ್ಯ ಕೇಳುವ ನ್ಯಾಯಾಲಯವೇ ಬೇರೆ, ವ್ಯಕ್ತಿಗಳನ್ನು ವಿಚಾರಿಸುವ ಕ್ರಿಮಿನಲ್ ನ್ಯಾಯಾಲಯವೇ ಬೇರೆ. ಎರಡೂ ಹೇಗ್‌ನಲ್ಲಿರುವುದೇ ಗೊಂದಲದ ಮೂಲ. ಎರಡನೆಯದರ ರೋಮ್ ಶಾಸನಕ್ಕೆ (1998) ಭಾರತ ಸೇರಿಲ್ಲ.

7ನೇ ವಾರ: ಬರವಣಿಗೆ ಮಾತ್ರ

ಹೊಸ ಓದು ಇಲ್ಲ. ಸೋಮವಾರದಿಂದ ಶುಕ್ರವಾರ ದಿನಕ್ಕೊಂದು ಘಟಕ: ಪ್ರಬಂಧಕ್ಕೆ 22 ನಿಮಿಷ, ಸಮಸ್ಯೆಗೆ 12. ಉಳಿದ ಹೊತ್ತಿನಲ್ಲಿ ಮೂಲಪಾಠ ತೆರೆದು ಕೆಂಪು ಪೆನ್ನಿನಿಂದ ತಿದ್ದಿ. ಭಾನುವಾರ ಹಳೆಯ ಪತ್ರಿಕೆಯೊಂದನ್ನು ಪೂರ್ತಿ ಮೂರು ಗಂಟೆ ಕೂತು ಬರೆಯಿರಿ. ಐದು ಘಟಕಕ್ಕೆ 170 ನಿಮಿಷ ಹೋಗಿ 10 ಉಳಿಯಬೇಕು. ಉಳಿಯದಿದ್ದರೆ ತಪ್ಪು ಸಾಮಾನ್ಯವಾಗಿ ಮೊದಲ ಪ್ರಬಂಧದಲ್ಲೇ ಇರುತ್ತದೆ: ಪೀಠಿಕೆ ಒಂದು ಪುಟ ತಿಂದಿರುತ್ತದೆ. ಐದು ಸಾಲಿಗೆ ಇಳಿಸಿ.

8ನೇ ವಾರ

ದಿನಕ್ಕೊಂದು ಘಟಕದ ಚೀಟಿ ಮತ್ತು ಕೆಂಪು ತಿದ್ದುಪಡಿ. ಹಿಂದೆ ತಪ್ಪಿಹೋದ ಬೆಳಗುಗಳಿಗೆ ಶನಿವಾರ ಮೀಸಲು. ಅದೂ ಸಾಲದಾದರೆ ರಾಷ್ಟ್ರ ಉತ್ತರಾಧಿಕಾರವನ್ನು ಬಿಡಿ, ಮೂಲಗಳನ್ನು ಬಿಡಬೇಡಿ. ಪರೀಕ್ಷೆಯ ದಿನ ರೈಲು ತಡವಾದೀತು ಎಂಬ ಅನುಮಾನವಿದ್ದರೆ ಭಾನುವಾರ ಸಂಜೆಯೇ ಬಳ್ಳಾರಿಗೆ ಹೋಗಿ ಪರಿಚಯದವರ ಮನೆಯಲ್ಲಿ ಉಳಿಯಿರಿ. ಹಾಲ್ ಟಿಕೆಟ್ ಮತ್ತು ಚೀಟಿಗಳ ಕಟ್ಟು ಮಾತ್ರ ಜೊತೆಗಿರಲಿ.