ಕೊಪ್ಪಳ ಖಡಕ್ ರೊಟ್ಟಿಗೆ ಇನ್ನು ಮುಂದೆ 'ಹಂಚು' ಎಂದು ಹೆಸರು

ಪ್ರೀತಿಯ ಗ್ರಾಹಕರಿಗೆ, ನಮಸ್ಕಾರ.

ಬರುವ ಸಂಕ್ರಾಂತಿಯಿಂದ ನಮ್ಮ ರೊಟ್ಟಿ ಪ್ಯಾಕೆಟ್ ಮೇಲೆ ಹೊಸ ಹೆಸರು ಇರುತ್ತದೆ: ಹಂಚು. 2016ರಿಂದ ನೀವು 'ಕೊಪ್ಪಳ ಖಡಕ್ ರೊಟ್ಟಿ' ಎಂದು ಹೇಳಿ ತರಿಸಿಕೊಳ್ಳುತ್ತಿರುವ ರೊಟ್ಟಿಯೇ ಅದರೊಳಗೆ ಇರುತ್ತದೆ. ಭಾಗ್ಯನಗರದ ಅದೇ ಮನೆ, ಅದೇ ಒಲೆ, ಅದೇ ಫೋನ್ ನಂಬರು. ಆದರೂ ಹೆಸರು ಯಾಕೆ ಬದಲಾಯಿತು ಎಂದು ನೀವು ಕೇಳೇ ಕೇಳುತ್ತೀರಿ. ಅದನ್ನು ನಾನೇ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ಅಕ್ಕ ಒಬ್ಬರು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಅವರು ನಮ್ಮಲ್ಲಿ ಐದು ವರ್ಷದಿಂದ ರೊಟ್ಟಿ ತಗೊಳ್ಳುವವರು. ಫೋಟೋದಲ್ಲಿದ್ದ ರೊಟ್ಟಿಯ ಅಂಚಿಗೆ ಹಸಿರು ಬೂಸ್ಟು ಹಿಡಿದಿತ್ತು. 'ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ' ಎಂದು ಕೆಳಗೆ ಬರೆದಿದ್ದರು. ನನಗೆ ಕೈಕಾಲೇ ಆಡಲಿಲ್ಲ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಪ್ಯಾಕೆಟ್ ಮೇಲೆ 'ಕೊಪ್ಪಳ ಖಡಕ್ ರೊಟ್ಟಿ' ಎಂದೇ ಇತ್ತು. ಆದರೆ ಫೋನ್ ನಂಬರು ನಮ್ಮದಲ್ಲ, ಲೈಸೆನ್ಸ್ ನಂಬರೂ ನಮ್ಮದಲ್ಲ. ಬೇರೆ ಯಾರೋ ಮಾಡಿದ ರೊಟ್ಟಿ ಅದು. ಅಕ್ಕನಿಗೆ ಹೇಳಿದಾಗ ಅವರು ಬೇಜಾರು ಮಾಡಿಕೊಂಡರು, ನಾನೂ ಮಾಡಿಕೊಂಡೆ. ಅದಾದ ಮೇಲೆ ಇಂಥ ಫೋನ್ ಇನ್ನೂ ನಾಲ್ಕು ಬಂದವು.

ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸೋಣ ಎಂದು ವಕೀಲರ ಹತ್ತಿರ ಹೋದೆ. ಅವರು ನೇರವಾಗಿ ಹೇಳಿದರು: ಕೊಪ್ಪಳ ಅನ್ನುವುದು ಊರಿನ ಹೆಸರು, ಖಡಕ್ ರೊಟ್ಟಿ ಅನ್ನುವುದು ಪದಾರ್ಥದ ಹೆಸರು. ಬರೀ ಊರು ಮತ್ತು ಪದಾರ್ಥ ಸೇರಿಸಿದ ಹೆಸರು ಒಬ್ಬರ ಸ್ವತ್ತಾಗಿ ನೋಂದಣಿ ಆಗುವುದು ಬಹಳ ಕಷ್ಟ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯೇ ಹಾಗಿದೆ.

ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದಾಗ ಕಾಯ್ದೆ ಸರಿಯಾಗಿಯೇ ಇದೆ ಅನ್ನಿಸಿತು. ಗವಿಮಠದ ಜಾತ್ರೆ ನೋಡಿದವರಿಗೆ ಇದು ಗೊತ್ತು. ಜಾತ್ರೆ ಹತ್ತಿರ ಬಂದಂತೆ ಊರೂರಿನಿಂದ ಟ್ರ್ಯಾಕ್ಟರ್, ಎತ್ತಿನ ಗಾಡಿ ತುಂಬ ರೊಟ್ಟಿ ಬರುತ್ತವೆ, ದಾಸೋಹಕ್ಕೆ. ಲಕ್ಷಗಟ್ಟಲೆ ರೊಟ್ಟಿ. ಅಷ್ಟೂ ಈ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಕೂತು ಬಡಿದದ್ದು. ಅವರೆಲ್ಲರದೂ ಕೊಪ್ಪಳದ ರೊಟ್ಟಿಯೇ ಅಲ್ವಾ? ಆ ಹೆಸರು ನನ್ನೊಬ್ಬಳದು ಎಂದು ನಾನು ಹೇಗೆ ಹೇಳಲಿ? ನನಗೆ ಬೇಕಾಗಿದ್ದು ನಮ್ಮ ಒಲೆಯ ರೊಟ್ಟಿಯನ್ನು ನೀವು ಗುರುತು ಹಿಡಿಯುವಂಥ ಒಂದು ಹೆಸರು, ಅಷ್ಟೇ.

ಹಂಚು ಎಂಬ ಹೆಸರು ಹೊಳೆದದ್ದು ನಮ್ಮ ಅಡುಗೆಮನೆಯಲ್ಲೇ. ನಾನು ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಅವ್ವ ಕೊಟ್ಟ ಒಂದು ಕಬ್ಬಿಣದ ಹಂಚು. ಈಗ ಒಂಬತ್ತು ಹಂಚುಗಳಿವೆ, ಹದಿನಾಲ್ಕು ಜನ ಹೆಣ್ಣುಮಕ್ಕಳಿದ್ದೇವೆ. ಆದರೂ ಬೆಳಿಗ್ಗೆ ಮೊದಲ ರೊಟ್ಟಿ ಬೀಳುವುದು ಅವ್ವನ ಹಂಚಿನ ಮೇಲೇ. ಅದರ ನಡುಭಾಗ ಸವೆದು ಸ್ವಲ್ಪ ತಗ್ಗಾಗಿದೆ. ಅದರ ಮೇಲೆ ಬೆಂದ ರೊಟ್ಟಿಗೆ ನಡುವೆ ಒಂದು ಕಂದು ಮಚ್ಚೆ ಬೀಳುತ್ತದೆ. ಹೊಸ ಪ್ಯಾಕೆಟ್ ಮೇಲೆ ನೀವು ನೋಡುವ ದುಂಡನೆಯ ಗುರುತು ಅದೇ ಮಚ್ಚೆ. ಹತ್ತು ಜನಕ್ಕೆ ಹಂಚು ಅನ್ನುವ ಮಾತೂ ಆ ಹೆಸರಿನಲ್ಲಿದೆ. ಇದನ್ನು ಮೊದಲು ಹೇಳಿದ್ದು ನಮ್ಮ ಜೊತೆ ಕೆಲಸ ಮಾಡುವ ಶಂಕ್ರಮ್ಮ. ಆ ಕ್ಷಣಕ್ಕೇ ಹೆಸರು ಗಟ್ಟಿಯಾಯಿತು.

ಈಗ ರೊಟ್ಟಿಯ ವಿಷಯ. ಹೆಸರು ಬದಲಾದರೆ ರುಚಿಯೂ ಬದಲಾಗುತ್ತದೆ, ತೂಕ ಇಳಿಯುತ್ತದೆ ಎಂಬ ಅನುಮಾನ ಬರುವುದು ಸಹಜ. ನಾನೂ ಗ್ರಾಹಕಳೇ, ನನಗೂ ಹಾಗೆ ಆಗಿದೆ.

ನಮ್ಮ ಜೋಳ ಹಿಂಗಾರಿ ಬಿಳಿಜೋಳವೇ, ಮಾಲದಂಡಿ. ಯಲಬುರ್ಗಾ, ಕುಷ್ಟಗಿ ಕಡೆಯ ರೈತರಿಂದ ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಕೊಂಡು ಇಡುತ್ತೇವೆ. ಎರಡು ದಿನಕ್ಕೆ ಬೇಕಾಗುವಷ್ಟು ಮಾತ್ರ ಗಿರಣಿಗೆ ಹಾಕಿಸುತ್ತೇವೆ, ಯಾಕೆಂದರೆ ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಒಡೆಯುತ್ತದೆ. ಅಂಚು ಒಡೆಯಬಾರದು ಎಂದು ಮೈದಾ, ಅಕ್ಕಿ ಹಿಟ್ಟು ಸೇರಿಸುವವರಿದ್ದಾರೆ. ನಾವು ಕುದಿಯುವ ನೀರು ಹಾಕಿ ಚೆನ್ನಾಗಿ ನಾದುತ್ತೇವೆ, ಅಷ್ಟೇ. ಕೈಯಲ್ಲೇ ಬಡಿಯುತ್ತೇವೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ಮಗುಚಿ, ಎರಡೂ ಕಡೆ ಬೇಯಿಸಿ, ಆಮೇಲೆ ಒಲೆಯ ಕಾವಿಗೆ ಒರಗಿಸಿ ಇಡುತ್ತೇವೆ. ತೇವ ಪೂರ್ತಿ ಹೋಗಿ, ಮುರಿದರೆ ಚಟ್ ಎಂದು ಸದ್ದು ಬರಬೇಕು. ಸದ್ದು ಬರದ ರೊಟ್ಟಿ ಪ್ಯಾಕೆಟ್‌ಗೆ ಹೋಗುವುದಿಲ್ಲ. ಅದನ್ನು ನಾವೇ ಮಧ್ಯಾಹ್ನ ಊಟ ಮಾಡುತ್ತೇವೆ.

ಮಷಿನ್ ಹಾಕಿ ಎಂದು ತುಂಬಾ ಜನ ಹೇಳಿದ್ದಾರೆ. ಮಷಿನ್ ಬಂದರೆ ಒಂಬತ್ತು ಜನರ ಕೆಲಸ ಹೋಗುತ್ತದೆ. ಆ ಲೆಕ್ಕ ನನಗೆ ಒಪ್ಪಿಗೆ ಇಲ್ಲ.

ಹತ್ತು ರೊಟ್ಟಿಯ ಪ್ಯಾಕೆಟ್ 400 ಗ್ರಾಂ, ಬೆಲೆ 90 ರೂಪಾಯಿ. ಎರಡೂ ಹಾಗೇ ಇವೆ. ಹೊಸ ಪ್ಯಾಕೆಟ್ ಮಾಡಿಸಿದ ಖರ್ಚನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಮುಂದೆ ಜೋಳದ ರೇಟು ಏರಿದರೆ ಬೆಲೆ ಏರಿಸಬೇಕಾಗಬಹುದು. ಹಾಗಾದರೆ ಒಂದು ತಿಂಗಳು ಮುಂಚೆ ಹೇಳುತ್ತೇನೆ. ತೂಕ ಮಾತ್ರ ಇಳಿಸುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಚಳಿಗಾಲದ ಸಜ್ಜೆ ರೊಟ್ಟಿ ಎಲ್ಲವೂ ಎಂದಿನಂತೆ ಸಿಗುತ್ತವೆ.

ಹಳೆಯ ಹೆಸರಿನ ಪ್ಯಾಕೆಟ್ ಕವರು ಇನ್ನೂ ಆರು ಸಾವಿರದಷ್ಟು ಉಳಿದಿವೆ. ಸುಮ್ನೆ ಎಸೆಯಲು ಮನಸ್ಸು ಬರಲಿಲ್ಲ. ಹಾಗಾಗಿ ಅವು ಮುಗಿಯುವವರೆಗೆ, ಅಂದರೆ ಸುಮಾರು ಯುಗಾದಿವರೆಗೆ, ಹಳೆ ಕವರಿನ ಮೇಲೆ 'ಹಂಚು' ಎಂಬ ಚೀಟಿ ಅಂಟಿಸಿ ಕಳಿಸುತ್ತೇವೆ. ಎರಡು ಥರದ ಪ್ಯಾಕೆಟ್ ಬಂದರೆ ಗಾಬರಿ ಬೇಡ. ಹಿಂದೆ ಇರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಎರಡರಲ್ಲೂ ಒಂದೇ ಇರುತ್ತದೆ. ಹೊಸ ಹೆಸರಿನ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದ್ದೇವೆ, ನೋಂದಣಿ ಇನ್ನೂ ಆಗಬೇಕು. ಅಲ್ಲಿಯವರೆಗೆ ಹೆಸರಿನ ಪಕ್ಕ ಟಿಎಂ ಎಂದಷ್ಟೇ ಇರುತ್ತದೆ.

ಒಂದು ವಿಷಯ ದಯವಿಟ್ಟು ನೆನಪಿಡಿ. ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. 'ಕಂಪನಿ ಹೆಸರು ಬದಲಾಗಿದೆ, ಈ ಹೊಸ ನಂಬರಿಗೆ ದುಡ್ಡು ಹಾಕಿ' ಎಂದು ಯಾರಾದರೂ ಫೋನ್ ಮಾಡಿದರೆ ಹಾಕಬೇಡಿ, ಅದು ನಾವಲ್ಲ. ಅನುಮಾನ ಬಂದರೆ ನಿಮ್ಮ ಫೋನಿನಲ್ಲಿ ಮೊದಲಿನಿಂದ ಇರುವ ನಮ್ಮ ನಂಬರಿಗೇ ಕರೆ ಮಾಡಿ. ಈಗಾಗಲೇ ಮುಂಗಡ ಕೊಟ್ಟವರ ಲೆಕ್ಕ ಹಳೆಯ ವಹಿಯಲ್ಲೇ ಇದೆ, ಅದೇ ವಹಿ ಮುಂದುವರಿಯುತ್ತದೆ. ಖಾನಾವಳಿಯವರಿಗೆ ಹದಿನೈದು ದಿನದ ಉದ್ರಿಯೂ ಹಾಗೇ ಇದೆ.

ಹುಬ್ಬಳ್ಳಿಯ ಆ ಅಕ್ಕನಿಗೆ ಹೊಸ ಹೆಸರಿನ ಮೊದಲ ಪ್ಯಾಕೆಟ್ ಕಳಿಸಬೇಕೆಂದು ತೆಗೆದಿಟ್ಟಿದ್ದೇನೆ. ಬೇರೆಯವರ ತಪ್ಪೇ ಇರಲಿ, ಅವರು ದುಡ್ಡು ಕೊಟ್ಟಿದ್ದು ನಮ್ಮ ಹೆಸರು ನಂಬಿ. ಅವರ ಹಾಗೆ ನಿಮಗೂ ಯಾವತ್ತಾದರೂ ಕೆಟ್ಟ ರೊಟ್ಟಿ ಬಂದಿದ್ದರೆ ಹೇಳಿ. ನಮ್ಮದಾಗಿದ್ದರೆ ಬದಲಿಗೆ ಬೇರೆ ಪ್ಯಾಕೆಟ್ ಕಳಿಸುತ್ತೇನೆ.

ಕೊನೆಗೆ ಒಂದು ಸೂಚನೆ. ಪ್ರತಿ ವರ್ಷದಂತೆ ಈ ಸಲವೂ ಜಾತ್ರೆಯ ಹೊತ್ತಿಗೆ ಮೂರು ದಿನ ಪಾರ್ಸೆಲ್ ಇರುವುದಿಲ್ಲ. ಆ ಮೂರೂ ದಿನ ನಮ್ಮ ಒಲೆ ಉರಿಯುವುದು ಮಠದ ದಾಸೋಹಕ್ಕೆ. ನಿಮ್ಮ ಆರ್ಡರನ್ನು ಅದಕ್ಕಿಂತ ಒಂದು ವಾರ ಮುಂಚೆ ತಿಳಿಸಿ.

ನಿಮ್ಮ,
ಗಿರಿಜಾ
ಹಂಚು (ಇಲ್ಲಿಯವರೆಗೆ ಕೊಪ್ಪಳ ಖಡಕ್ ರೊಟ್ಟಿ)
ಭಾಗ್ಯನಗರ, ಕೊಪ್ಪಳ