ಗ್ಲಿಮಿಪಿರೈಡ್ 1 ಮಿ.ಗ್ರಾಂ + ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಎಸ್‌ಆರ್ ಶುಗರ್ ಮಾತ್ರೆ: ಹಿರಿಯರಿಗೆ ಮತ್ತು ಮನೆಯವರಿಗೆ

ಕಂಪನಿಯವರು ಡಬ್ಬಿಯೊಳಗೆ ಇಡುವ ಮಾಹಿತಿ ಹಾಳೆಯಲ್ಲಿ ಅಕ್ಷರ ಸಣ್ಣದು, ಮುಖ್ಯವಾದದ್ದು ಎಲ್ಲೋ ಮಧ್ಯದಲ್ಲಿ. ಅದನ್ನೇ ಇಲ್ಲಿ ದೊಡ್ಡ ಅಕ್ಷರದಲ್ಲಿ, ನಿಮಗೆ ಮೊದಲು ಬೇಕಾದದ್ದು ಮೊದಲು ಬರುವಂತೆ ಬರೆದಿದ್ದೇವೆ. ಮಾತ್ರೆ ಇಡುವ ಜಾಗದಲ್ಲೇ ಇದನ್ನೂ ಇಡಿ. ಮನೆಯಲ್ಲಿ ಇನ್ನೊಬ್ಬರು ಒಮ್ಮೆ ಓದಿರಲಿ. ಶುಗರ್ ತುಂಬಾ ಇಳಿದಾಗ ನಿಮಗೇ ಓದಲು ಆಗದಿರಬಹುದು.

ಯಾವಾಗ, ಎಷ್ಟು

ದಿನಕ್ಕೆ ಒಂದೇ ಮಾತ್ರೆ, ಬೆಳಗಿನ ತಿಂಡಿಯ ಜೊತೆ. ಡಾಕ್ಟರ ಚೀಟಿಯಲ್ಲಿ 1-0-0 ಎಂದು ಬರೆದಿರುತ್ತದೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ನಿಮ್ಮ ಚೀಟಿಯಲ್ಲಿ ಬೇರೆ ರೀತಿ ಇದ್ದರೆ (ಉದಾಹರಣೆಗೆ 1-0-1) ಚೀಟಿಯಲ್ಲಿ ಇರುವುದೇ ಲೆಕ್ಕ. ಅನುಮಾನ ಬಂದರೆ ಅಂಗಡಿಗೆ ಬಂದು ಕೇಳಿ.

ಗಡಿಯಾರ ನೋಡಬೇಡಿ, ತಟ್ಟೆ ನೋಡಿ. ತಿಂಡಿ ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ ನುಂಗಿ, ಕೂಡಲೇ ತಿನ್ನಲು ಶುರು ಮಾಡಿ. ಬೆಳಿಗ್ಗೆ ಆರಕ್ಕೆ ಕಾಫಿ ಜೊತೆ ಮಾತ್ರೆ ನುಂಗಿ ಒಂಬತ್ತೂವರೆಗೆ ತಿಂಡಿ ತಿನ್ನುವುದು ಬಹಳ ಮನೆಗಳಲ್ಲಿ ಅಭ್ಯಾಸ. ಈ ಮಾತ್ರೆಗೆ ಅದು ಅಪಾಯ. ಇದರೊಳಗಿನ ಗ್ಲಿಮಿಪಿರೈಡ್, ನೀವು ಊಟ ಮಾಡಿದ್ದೀರೋ ಇಲ್ಲವೋ ನೋಡದೆ ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆಯೇ ಖರ್ಚಾಗಿ ಕೆಳಗೆ ಇಳಿಯುತ್ತದೆ. ಒಂದು ಲೋಟ ಕಾಫಿ, ಎರಡು ಬಿಸ್ಕತ್ತು ತಿಂಡಿ ಎನಿಸಿಕೊಳ್ಳುವುದಿಲ್ಲ.

ಪೂಜೆ ಮುಗಿಸಿ ಹನ್ನೊಂದು ಗಂಟೆಗೆ ತಿನ್ನುವವರು ಹನ್ನೊಂದಕ್ಕೇ ತೆಗೆದುಕೊಳ್ಳಿ. ಬೆಳಿಗ್ಗೆ ವಾಕಿಂಗ್ ಹೋಗುವವರು ವಾಪಸು ಬಂದು ತಿಂಡಿಗೆ ಕೂತಾಗ. ಥೈರಾಯ್ಡ್ ಮಾತ್ರೆ ಇದ್ದರೆ ಅದು ಖಾಲಿ ಹೊಟ್ಟೆಗೆ, ಇದು ತಿಂಡಿಗೆ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳಬೇಡಿ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಇರುವ ದಿನ ರಕ್ತ ಕೊಟ್ಟ ಮೇಲೆ, ತಿಂಡಿಯ ಜೊತೆ ತೆಗೆದುಕೊಳ್ಳಿ. ತಿಂಡಿಯಾಗಿ ಎರಡು ಗಂಟೆಯ ನಂತರ ಇನ್ನೊಮ್ಮೆ ರಕ್ತ ಕೊಡಬೇಕಿದ್ದರೂ ಮಾತ್ರೆ ಬಿಡಬೇಡಿ. ಬಿಟ್ಟರೆ ನಿಮ್ಮ ಮಾಮೂಲಿ ಸ್ಥಿತಿ ರಿಪೋರ್ಟಿನಲ್ಲಿ ಕಾಣುವುದಿಲ್ಲ.

ಮಾತ್ರೆಯನ್ನು ಇಡಿಯಾಗಿ ನೀರಿನೊಂದಿಗೆ ನುಂಗಿ. ಮುರಿಯಬೇಡಿ, ಅಗಿಯಬೇಡಿ, ಪುಡಿ ಮಾಡಿ ಮೊಸರಿಗೆ ಹಾಕಬೇಡಿ. ಹೆಸರಿನ ಕೊನೆಯ ಎಸ್‌ಆರ್ ಎಂದರೆ ಮೆಟ್‌ಫಾರ್ಮಿನ್ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗುವಂತೆ ಕಟ್ಟಿದ್ದಾರೆ ಎಂದರ್ಥ. ಮುರಿದರೆ ದಿನದ ಔಷಧಿ ಒಮ್ಮೆಗೇ ಹೊಟ್ಟೆಗೆ ಬೀಳುತ್ತದೆ. ನುಂಗಲು ಕಷ್ಟವಾದರೆ ಹೇಳಿ, ಬೇರೆ ಬಗೆಯ ಮಾತ್ರೆಗೆ ಡಾಕ್ಟರನ್ನು ಕೇಳಬಹುದು. ಮಲದಲ್ಲಿ ಮಾತ್ರೆಯ ಆಕಾರದ ಮೆತ್ತನೆಯ ಚೂರು ಕಂಡರೆ ಗಾಬರಿ ಬೇಡ. ಔಷಧಿ ದೇಹಕ್ಕೆ ಸೇರಿದೆ, ಅದು ಖಾಲಿ ಕವಚ.

ಮರೆತರೆ

ತಿಂಡಿ ಮುಗಿದು ಅರ್ಧ ಗಂಟೆಯೊಳಗೆ ನೆನಪಾದರೆ ತೆಗೆದುಕೊಳ್ಳಿ. ಆಮೇಲೆ ನೆನಪಾದರೆ ಇವತ್ತಿಗೆ ಬಿಟ್ಟುಬಿಡಿ, ನಾಳೆ ಎಂದಿನಂತೆ ಒಂದು. ಸರಿದೂಗಿಸಲು ಎರಡು ನುಂಗಬೇಡಿ. ತೆಗೆದುಕೊಂಡೆನೋ ಇಲ್ಲವೋ ಎಂದು ಗೊತ್ತಾಗದಿದ್ದರೆ ತೆಗೆದುಕೊಂಡೆ ಎಂದೇ ಇಟ್ಟುಕೊಳ್ಳಿ. ಒಂದು ದಿನ ತಪ್ಪಿದರೆ ಶುಗರ್ ಸ್ವಲ್ಪ ಏರಬಹುದು, ಎರಡು ಸಲ ನುಂಗಿದರೆ ಪ್ರಜ್ಞೆ ತಪ್ಪುವಷ್ಟು ಇಳಿಯಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ತಕ್ಷಣ ಆ ದಿನಕ್ಕೆ ಗೀಟು ಹಾಕುವುದು ಒಳ್ಳೆಯ ಅಭ್ಯಾಸ.

ಊಟ ಇಲ್ಲದ ದಿನ ಈ ಮಾತ್ರೆಯೂ ಇಲ್ಲ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಮುಂಚೆಯೇ ಡಾಕ್ಟರಿಗೆ ಹೇಳಿ ಆ ದಿನಗಳಿಗೆ ಬೇರೆ ಲೆಕ್ಕ ಬರೆಸಿಕೊಳ್ಳಿ.

ಶುಗರ್ ಇಳಿದಿದೆ ಎಂದು ತಿಳಿಯುವುದು ಹೇಗೆ

ಈ ಹಾಳೆಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮೊದಲು ಕಾಣುವುದು ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾಗದ ಹಸಿವು, ಕಣ್ಣು ಮಂಜು. ವಯಸ್ಸಾದವರಲ್ಲಿ ಇವು ಕಾಣದೆಯೂ ಹೋಗಬಹುದು. ಅವರಲ್ಲಿ ಮಂಕು ಕವಿಯುತ್ತದೆ, ಮಾತು ತೊದಲುತ್ತದೆ, ನಡೆಯುವಾಗ ತೂರಾಡುತ್ತಾರೆ, ಕಾರಣವಿಲ್ಲದೆ ಸಿಟ್ಟಾಗುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಮನೆಯವರು ‘ವಯಸ್ಸಾಯಿತು, ಹಾಗೇ’ ಎಂದುಕೊಂಡು ಸುಮ್ಮನಾಗುವುದು ಇಲ್ಲೇ. ದಯವಿಟ್ಟು ಸುಮ್ಮನಾಗಬೇಡಿ. ಈ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಬೇರೆ ಥರ ಆಡಿದರೆ ಮೊದಲು ಶುಗರ್ ನೋಡಿ. ಮಿಷನ್ ಇಲ್ಲದಿದ್ದರೆ ಇಳಿದಿದೆ ಎಂದೇ ತಿಳಿದು ಸಕ್ಕರೆ ಕೊಡಿ. ರಾತ್ರಿಯಲ್ಲಾದರೆ ದಿಂಬು ನೆನೆಯುವಷ್ಟು ಬೆವರು, ಕೆಟ್ಟ ಕನಸು, ಬೆಳಿಗ್ಗೆ ಎದ್ದಾಗ ತಲೆನೋವು.

ಬಿ.ಪಿ. ಅಥವಾ ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ಎದೆ ಡವಡವ ಗೊತ್ತಾಗದೇ ಇರಬಹುದು. ಬೆವರು ಮಾತ್ರ ಬರುತ್ತದೆ. ಇವರು ಸೆಖೆ ಇಲ್ಲದಾಗ ಬೆವರಿದರೆ ಶುಗರ್ ನೋಡಿಕೊಳ್ಳಬೇಕು.

ಮಿಷನ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಅಥವಾ ಮೇಲಿನ ಲಕ್ಷಣ ಕಂಡರೆ:

1. ಕೂರಿಸಿ. ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. ಮೂರು ಟೀ ಚಮಚ ಗ್ಲೂಕೋಸ್ ಪುಡಿಯಾದರೂ ಸರಿ. ಚಾಕೊಲೇಟ್, ಲಡ್ಡು, ಮೈಸೂರ್ ಪಾಕ್ ಬೇಡ, ಅದರ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.
2. ಹದಿನೈದು ನಿಮಿಷ ಕಾಯಿರಿ, ಮತ್ತೆ ಶುಗರ್ ನೋಡಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಅಷ್ಟೇ ಸಕ್ಕರೆ ಮತ್ತೊಮ್ಮೆ ಕೊಡಿ.
3. ಎರಡು ಸಲ ಕೊಟ್ಟರೂ ಏರದಿದ್ದರೆ 108ಕ್ಕೆ ಫೋನ್ ಮಾಡಿ.
4. ಏರಿದ ಮೇಲೆ ಎರಡು ಇಡ್ಲಿ, ಚಪಾತಿ ಅಥವಾ ಅನ್ನ ತಿನ್ನಿಸಿ.

ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಶುಗರ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಮನೆಯ ಸಕ್ಕರೆ ಬೇಗ ಕೆಲಸಕ್ಕೆ ಬರುವುದಿಲ್ಲ. ಆ ಔಷಧಿ ಸಕ್ಕರೆಯನ್ನು ಒಡೆಯಲು ಬಿಡುವುದಿಲ್ಲ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು, ಮನೆಯಲ್ಲಿ ಒಂದು ಡಬ್ಬಿ ಇಟ್ಟಿರಿ.

ಪ್ರಜ್ಞೆ ಇಲ್ಲದಿದ್ದರೆ ಅಥವಾ ನುಂಗಲು ಆಗದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ನೀರೂ ಬೇಡ, ಉಸಿರುನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಈ ಮಾತ್ರೆಯ ಶೀಟನ್ನು ಆಸ್ಪತ್ರೆಗೆ ಜೊತೆಯಲ್ಲೇ ಕೊಂಡೊಯ್ಯಿರಿ.

ಸಕ್ಕರೆ ಕೊಟ್ಟ ಮೇಲೆ ಚೆನ್ನಾಗಿ ಎದ್ದು ಕೂತರೂ ವಿಷಯ ಮುಗಿಯಲಿಲ್ಲ. ಈ ಮಾತ್ರೆಯ ಪರಿಣಾಮ ಒಂದು ದಿನ ಇರುವುದರಿಂದ ಕೆಲವು ಗಂಟೆಗಳ ನಂತರ ಮತ್ತೆ ಇಳಿಯಬಹುದು. ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು ಹೊತ್ತು. ಆ ದಿನ ಮತ್ತು ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ. ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳುವವರೆಗೆ ಮುಂದಿನ ಮಾತ್ರೆ ಕೊಡಬೇಡಿ. ಇಳಿಯದಿದ್ದರೂ, ತಿಂಡಿಗೆ ಮೊದಲಿನ ಶುಗರ್ ಪದೇ ಪದೇ 90ಕ್ಕಿಂತ ಕೆಳಗೆ ಬರುತ್ತಿದ್ದರೆ ತಿಳಿಸಿ. ಹಿರಿಯರಿಗೆ ಅಷ್ಟು ಬಿಗಿ ಬೇಕಾಗಿಲ್ಲ, ಡೋಸ್ ಕಡಿಮೆ ಮಾಡಬೇಕಾಗಬಹುದು.

ಮಧ್ಯಾಹ್ನದ ಊಟ ತಡವಾದ ದಿನ, ಮದುವೆ ಮನೆಯಲ್ಲಿ ಪಂಕ್ತಿಗೆ ಕಾದ ದಿನ, ಬಸ್ ಪ್ರಯಾಣದ ದಿನ, ತೋಟದಲ್ಲಿ ಎಂದಿಗಿಂತ ಹೆಚ್ಚು ದುಡಿದ ದಿನ ಇದು ಜಾಸ್ತಿ. ಮನೆಯಿಂದ ಹೊರಟಾಗ ಜೇಬಿನಲ್ಲಿ ಒಂದು ಪೊಟ್ಟಣ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಸ್ಕೂಟರ್ ಓಡಿಸುವಾಗ ಮಂಕಾದಂತೆ ಅನ್ನಿಸಿದರೆ ಪಕ್ಕಕ್ಕೆ ನಿಲ್ಲಿಸಿ, ಮೊದಲು ಸಕ್ಕರೆ.

ವಾಂತಿ, ಭೇದಿ, ಜ್ವರ ಬಂದಾಗ

ವಾಂತಿ ಅಥವಾ ಭೇದಿ ನಿಲ್ಲುತ್ತಿಲ್ಲ, ಊಟ ಸೇರುತ್ತಿಲ್ಲ ಎಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಡಾಕ್ಟರನ್ನು ಕೇಳಿ. ಗಂಜಿ, ಮಜ್ಜಿಗೆ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ದೇಹದಲ್ಲಿ ನೀರು ಕಡಿಮೆಯಾದರೆ ಕಿಡ್ನಿ ಮೆಟ್‌ಫಾರ್ಮಿನ್ ಅನ್ನು ಹೊರಹಾಕಲು ಆಗದೆ ರಕ್ತದಲ್ಲಿ ಆಮ್ಲ ಸೇರಬಹುದು. ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಆಳವಾದ ವೇಗದ ಉಸಿರು, ವಿಪರೀತ ಸುಸ್ತು, ಮೈಕೈ ಸ್ನಾಯುಗಳಲ್ಲಿ ತೀವ್ರ ನೋವು, ಮೈ ತಣ್ಣಗಾಗುವುದು, ಹೊಟ್ಟೆನೋವಿನೊಂದಿಗೆ ವಾಂತಿ: ಇವು ಕಂಡರೆ ಮಾತ್ರೆ ಬಿಟ್ಟು ನೇರ ಆಸ್ಪತ್ರೆಗೆ. ಹೆಂಡ, ಸಾರಾಯಿ ಕುಡಿದಾಗ ಈ ಅಪಾಯವೂ ಶುಗರ್ ಇಳಿಯುವ ಅಪಾಯವೂ ಎರಡೂ ಹೆಚ್ಚು.

ಬಣ್ಣದ ಔಷಧಿ ಚುಚ್ಚಿ ಮಾಡುವ ಸಿ.ಟಿ. ಸ್ಕ್ಯಾನ್, ಆಂಜಿಯೋಗ್ರಾಮ್ ಅಥವಾ ಆಪರೇಷನ್ ಇದ್ದರೆ ‘ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ’ ಎಂದು ಮುಂಚೆಯೇ ಹೇಳಿ. ಕೆಲವರಿಗೆ ಪರೀಕ್ಷೆಯ ಹೊತ್ತಿಗೆ ನಿಲ್ಲಿಸಿ, 48 ಗಂಟೆ ಕಳೆದು ಕಿಡ್ನಿ ಸರಿ ಇದೆ ಎಂದು ನೋಡಿದ ಮೇಲೆ ಮತ್ತೆ ಶುರು ಮಾಡಿಸುತ್ತಾರೆ.

ಉಳಿದ ತೊಂದರೆಗಳು

ಮೊದಲ ಕೆಲವು ವಾರ ವಾಕರಿಕೆ, ಹೊಟ್ಟೆ ಉಬ್ಬರ, ಸಡಿಲ ಭೇದಿ, ಬಾಯಲ್ಲಿ ಲೋಹದಂಥ ರುಚಿ ಸಾಮಾನ್ಯ. ಊಟದ ಜೊತೆ ತೆಗೆದುಕೊಂಡರೆ ಕಡಿಮೆ, ಹೆಚ್ಚಿನವರಿಗೆ ತಾನೇ ಹೋಗುತ್ತದೆ. ಹೋಗದಿದ್ದರೆ ತಿಳಿಸಿ. ಶುರುವಿನಲ್ಲಿ ಕಣ್ಣು ಮಂಜಾಗಬಹುದು, ಆಗ ಕೂಡಲೇ ಹೊಸ ಕನ್ನಡಕ ಮಾಡಿಸಬೇಡಿ. ಚರ್ಮದ ಮೇಲೆ ಗಂದೆ, ತುಟಿ ಊತ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಡಾಕ್ಟರನ್ನು ಕಾಣಿ. ಸಲ್ಫಾ ಔಷಧಿ ಆಗಿಬರುವುದಿಲ್ಲ ಎಂದು ಹಿಂದೆ ಯಾರಾದರೂ ಹೇಳಿದ್ದರೆ ಮಾತ್ರೆ ಶುರು ಮಾಡುವ ಮುನ್ನ ಹೇಳಿ.

ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು. ಕಾಲು ಜೋಮು ಹಿಡಿಯುವುದು, ಉರಿ, ಸುಸ್ತು ಇದ್ದರೆ ಅದನ್ನು ಶುಗರ್‌ನದ್ದೇ ಎಂದು ಬಿಟ್ಟುಬಿಡದೆ ಬಿ12 ಪರೀಕ್ಷೆ ಮಾಡಿಸಲು ಕೇಳಿ. ಕಿಡ್ನಿ ಪರೀಕ್ಷೆ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ರಿಪೋರ್ಟಿನಲ್ಲಿ ಇಜಿಎಫ್‌ಆರ್ 45ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ತೋರಿಸಿ, 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ.

ಬೇರೆ ಔಷಧಿಗಳ ಜೊತೆ

ಉರಿಮೂತ್ರಕ್ಕೋ ಕೆಮ್ಮಿಗೋ ಹೊಸ ಔಷಧಿ ತರುವಾಗ ಈ ಶೀಟು ತೋರಿಸಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಕೋಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಜೊತೆ ಶುಗರ್ ತುಂಬಾ ಇಳಿಯಬಹುದು. ಸ್ಟಿರಾಯ್ಡ್ ಏರಿಸುತ್ತದೆ, ಅದನ್ನು ನಿಲ್ಲಿಸಿದಾಗ ಮತ್ತೆ ಇಳಿಯುತ್ತದೆ. ಮಂಡಿನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ದಿನಾ ನುಂಗಿದರೆ ಕಿಡ್ನಿಗೆ ಪೆಟ್ಟು. ಹಾಗಲಕಾಯಿ ಪಲ್ಯ ತಿನ್ನಿ, ಅಡ್ಡಿಯಿಲ್ಲ. ಹಾಗಲಕಾಯಿ ರಸ, ಮಧುನಾಶಿನಿ ಪುಡಿಯನ್ನು ಇದರ ಜೊತೆ ಸೇರಿಸುವ ಮುನ್ನ ಕೇಳಿ, ಅವೂ ಶುಗರ್ ಇಳಿಸಬಹುದು.

ಶೀಟು ನೋಡಿ ತೆಗೆದುಕೊಳ್ಳಿ

ಕಂಪನಿ ಬದಲಾದರೆ ಬಣ್ಣ, ಹೆಸರು ಬದಲಾಗುತ್ತದೆ, ಒಳಗಿನ ಔಷಧಿ ಅದೇ. ಹಳೆಯದನ್ನೂ ಹೊಸದನ್ನೂ ಸೇರಿಸಿ ಎರಡು ನುಂಗುವ ತಪ್ಪು ಹೀಗೇ ಆಗುವುದು. ಹಳೆಯ ಶೀಟು ಪೂರ್ತಿ ಮುಗಿದ ಮೇಲೆ ಹೊಸದನ್ನು ತೆರೆಯಿರಿ. ಹೆಸರಿನ ಕೊನೆಯ 1, 2 ಅಂಕಿ ಔಷಧಿಯ ಪ್ರಮಾಣ ಹೇಳುತ್ತದೆ. ಅಂಕಿ ಬೇರೆ ಕಂಡರೆ ನುಂಗದೆ ಅಂಗಡಿಗೆ ತನ್ನಿ. ಎಕ್ಸ್‌ಪೈರಿ ದಿನಾಂಕ ಇರುವ ತುದಿಯನ್ನು ಕೊನೆಯವರೆಗೂ ಉಳಿಸಿ, ಇನ್ನೊಂದು ತುದಿಯಿಂದ ಮಾತ್ರೆ ತೆಗೆಯಿರಿ. ಒಲೆಯ ಪಕ್ಕ, ಬಚ್ಚಲುಮನೆ, ಫ್ರಿಜ್ ಬೇಡ, ಮಕ್ಕಳ ಕೈಗೆ ಸಿಗದ ಒಣ ಜಾಗ ಸಾಕು. ಮಗು ಒಂದು ಮಾತ್ರೆ ನುಂಗಿದರೂ ಚೆನ್ನಾಗಿ ಆಡುತ್ತಿದೆ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆಂಬುಲೆನ್ಸ್: 108. ಆರೋಗ್ಯ ಸಹಾಯವಾಣಿ: 104. ಮಾತ್ರೆಯಿಂದ ತೊಂದರೆಯಾದದ್ದನ್ನು ಸರ್ಕಾರಕ್ಕೆ ತಿಳಿಸಲು ಉಚಿತ ಸಂಖ್ಯೆ: 1800-180-3024, ಕಚೇರಿ ದಿನಗಳಲ್ಲಿ.