ಪೈಲ್ ಭಾರ ಪರೀಕ್ಷೆಯ ವರದಿ: ಪೈಲ್ ಸಂಖ್ಯೆ 47, ಕೊಬ್ಬರಿ ಉಗ್ರಾಣದ ಕಟ್ಟಡ, ತಿಪಟೂರು, ತುಮಕೂರು ಜಿಲ್ಲೆ

ಪರೀಕ್ಷೆಯ ಬಗೆ: ವಾಡಿಕೆಯ ಲಂಬ ಭಾರ ಪರೀಕ್ಷೆ, ಹಂತ ಹಂತವಾಗಿ ಭಾರ ನಿಲ್ಲಿಸುವ ವಿಧಾನ
ಅನ್ವಯಿಸಿದ ಸಂಹಿತೆ: ಐಎಸ್ 2911 (ಭಾಗ 4) : 2013
ಪರೀಕ್ಷೆ ನಡೆದ ಅವಧಿ: 2025ರ ಫೆಬ್ರವರಿ 11ರಿಂದ 13

1. ನಿವೇಶನ ಮತ್ತು ಪೈಲ್

ನಿವೇಶನವು ಹಳೆಯ ಕೆರೆಯೊಂದರ ಅಂಚಿನಲ್ಲಿದೆ. ಪೈಲ್ 47ರ ಸಮೀಪದ ಕೊರೆಬಾವಿಯ ದಾಖಲೆಯಂತೆ ಮೇಲಿನ 2.5 ಮೀಟರ್ ಇತ್ತೀಚೆಗೆ ತುಂಬಿದ ಮಣ್ಣು. ಅದರ ಕೆಳಗೆ ಸುಮಾರು 5.5 ಮೀಟರ್ ಮೆತ್ತನೆಯ ಕೆರೆಗೋಡು, ನಂತರ ಜೇಡಿ ಬೆರೆತ ಮರಳು. 12.9 ಮೀಟರ್ ಆಳದಲ್ಲಿ ಶಿಥಿಲಗೊಂಡ ನೈಸ್ ಬಂಡೆ ಸಿಗುತ್ತದೆ.

ಪೈಲ್ ಸ್ಥಳದಲ್ಲೇ ಕೊರೆದು ಎರಕ ಹೊಯ್ದದ್ದು. ವ್ಯಾಸ 600 ಮಿ.ಮೀ., ಉದ್ದ 13.5 ಮೀಟರ್, ಬಂಡೆಯೊಳಗೆ 0.6 ಮೀಟರ್, ಕಾಂಕ್ರೀಟ್ ಎಂ25. ವಿನ್ಯಾಸದ ಸುರಕ್ಷಿತ ಭಾರ 100 ಟನ್. ಎರಕ ಹೊಯ್ದದ್ದು ಜನವರಿ 7ರಂದು. ಪರೀಕ್ಷೆ ಆರಂಭವಾದಾಗ ಕಾಂಕ್ರೀಟಿಗೆ 35 ದಿನ ತುಂಬಿತ್ತು.

2. ಭಾರದ ವ್ಯವಸ್ಥೆ ಮತ್ತು ಅಳತೆ

ವಾಡಿಕೆಯ ಪರೀಕ್ಷೆಯಾದ್ದರಿಂದ ಸುರಕ್ಷಿತ ಭಾರದ ಒಂದೂವರೆ ಪಟ್ಟು, ಅಂದರೆ 150 ಟನ್ ಹೇರಬೇಕಿತ್ತು. ಎದುರುಭಾರ ಇದಕ್ಕಿಂತ ಶೇ 25ರಷ್ಟು ಹೆಚ್ಚಿರಬೇಕು, ಅಂದರೆ ಕನಿಷ್ಠ 187.5 ಟನ್. ಉಕ್ಕಿನ ತೊಲೆಗಳ ಮೇಲೆ ತಲಾ 2 ಟನ್ ತೂಕದ 96 ಕಾಂಕ್ರೀಟ್ ದಿಮ್ಮಿಗಳನ್ನು ಪೇರಿಸಲಾಯಿತು. ಒಟ್ಟು 192 ಟನ್. ತೊಲೆಗಳ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿದಿಲ್ಲ. ದಿಮ್ಮಿಗಳ ತೂಕವನ್ನು ತೂಕಸೇತುವೆಯ ಚೀಟಿಗಳೊಂದಿಗೆ ತಾಳೆ ನೋಡಲಾಗಿದೆ.

200 ಟನ್ ಸಾಮರ್ಥ್ಯದ ಹೈಡ್ರಾಲಿಕ್ ಜಾಕ್ ಬಳಸಲಾಯಿತು. ಅದರ ರ‍್ಯಾಮ್ ವಿಸ್ತೀರ್ಣ 452.4 ಚದರ ಸೆಂ.ಮೀ. ಕುಸಿತವನ್ನು 0.01 ಮಿ.ಮೀ. ನಿಖರತೆಯ ನಾಲ್ಕು ಡಯಲ್ ಗೇಜ್‌ಗಳಿಂದ ಅಳೆಯಲಾಯಿತು. 1 ಮತ್ತು 2ನೇ ಗೇಜ್‌ಗಳು ಪಶ್ಚಿಮದ ಆಧಾರಪಟ್ಟಿಯ ಮೇಲೂ, 3 ಮತ್ತು 4ನೆಯವು ಪೂರ್ವದ ಪಟ್ಟಿಯ ಮೇಲೂ ಇದ್ದವು. 1ಕ್ಕೆ 3, 2ಕ್ಕೆ 4 ಎದುರುಬದುರು. ಪಟ್ಟಿಗಳ ಆಸರೆಗಳು ಪೈಲಿನ ಅಂಚಿನಿಂದ 2 ಮೀಟರ್ ದೂರದಲ್ಲಿದ್ದವು.

3. ದಾಖಲಾದ ಕುಸಿತ

ಪ್ರತಿ ಹಂತದಲ್ಲಿ 20 ಟನ್ ಏರಿಸಲಾಯಿತು. ಕೊನೆಯ ಏರಿಕೆ ಮಾತ್ರ 10 ಟನ್. ಕುಸಿತ ಮೊದಲ ಅರ್ಧ ಗಂಟೆಯಲ್ಲಿ 0.1 ಮಿ.ಮೀ. ಅಥವಾ ಮೊದಲ ಒಂದು ಗಂಟೆಯಲ್ಲಿ 0.2 ಮಿ.ಮೀ. ಮಿತಿಗೆ ಬರುವವರೆಗೆ, ಇಲ್ಲವೇ ಎರಡು ಗಂಟೆ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಭಾರವನ್ನು ನಿಲ್ಲಿಸಲಾಯಿತು. 140 ಟನ್ ಹಂತದಲ್ಲಿ ಮಾತ್ರ ಪೂರ್ತಿ ಎರಡು ಗಂಟೆ ಬೇಕಾಯಿತು.

| ಭಾರ (ಟನ್) | ಒತ್ತಡ (ಕೆ.ಜಿ./ಚ.ಸೆಂ.ಮೀ.) | ಸರಾಸರಿ ಕುಸಿತ (ಮಿ.ಮೀ.) | ಹಂತದ ಹೆಚ್ಚಳ (ಮಿ.ಮೀ.) |
|---|---|---|---|
| 20 | 44 | 0.31 | 0.31 |
| 40 | 88 | 0.74 | 0.43 |
| 60 | 133 | 1.29 | 0.55 |
| 80 | 177 | 1.98 | 0.69 |
| 100 | 221 | 2.87 | 0.89 |
| 120 | 265 | 4.06 | 1.19 |
| 140 | 309 | 5.58 | 1.52 |
| 150 | 332 | 6.42 | 0.84 |
| 150, 24 ಗಂಟೆಯ ನಂತರ | 332 | 6.83 | 0.41 |

ಭಾರ ಇಳಿಸುವಾಗಿನ ಸರಾಸರಿ: 120 ಟನ್‌ನಲ್ಲಿ 6.58, 80ರಲ್ಲಿ 5.87, 40ರಲ್ಲಿ 4.66 ಮಿ.ಮೀ. ಭಾರ ಪೂರ್ತಿ ತೆಗೆದೊಡನೆ 3.12, ಸ್ಥಿರಗೊಂಡ ಮೇಲೆ 2.74 ಮಿ.ಮೀ.

4. 24 ಗಂಟೆಯ ನಿಲುಗಡೆಯಲ್ಲಿ ಕಂಡ ಏರುಪೇರು

150 ಟನ್ ಭಾರವನ್ನು 11ರ ಸಂಜೆ 6ರಿಂದ 12ರ ಸಂಜೆ 6ರವರೆಗೆ ನಿಲ್ಲಿಸಲಾಗಿತ್ತು. 12ರ ಬೆಳಿಗ್ಗೆ 6ಕ್ಕೆ ಸರಾಸರಿ 6.77 ಇದ್ದದ್ದು 10 ಗಂಟೆಗೆ 6.93ಕ್ಕೆ ಏರಿತು, ಮಧ್ಯಾಹ್ನ 12ಕ್ಕೆ ಮತ್ತೆ 6.80. ಮೂಲ ಹಾಳೆಯಲ್ಲಿ ಈ ಅಂಕಿಗಳು ಇದ್ದಂತೆಯೇ ಇವೆ, ತಿದ್ದಿಲ್ಲ. ಭಾರ ಬದಲಾಗದೆ ಪೈಲ್ ತಾನಾಗಿ ಮೇಲೇಳುವುದಿಲ್ಲ, ಒತ್ತಡಮಾಪಕವೂ 332ರಿಂದ ಕದಲಿಲ್ಲ. ಜಿಗಿತ ಕಂಡದ್ದು ಪೂರ್ವದ ಪಟ್ಟಿಯ ಮೇಲಿದ್ದ 3 ಮತ್ತು 4ನೇ ಗೇಜ್‌ಗಳಲ್ಲಿ ಮಾತ್ರ. ಆ ಬದಿಯ ಟಾರ್ಪಾಲಿನ್ ಗಾಳಿಗೆ ಬಿಚ್ಚಿ, ಬೆಳಗಿನ ಬಿಸಿಲು ನೇರವಾಗಿ ಉಕ್ಕಿನ ಪಟ್ಟಿಗೆ ಬಿದ್ದಿತ್ತು. ಟಾರ್ಪಾಲಿನ್ ಮರಳಿ ಕಟ್ಟಿ ಪಟ್ಟಿ ತಣಿದ ಮೇಲೆ ಓದು ಹಾದಿಗೆ ಬಂತು. ಆದ್ದರಿಂದ ಆ ಜಿಗಿತವನ್ನು ಪಟ್ಟಿ ಬಿಸಿಯಾಗಿ ಬಾಗಿದ್ದರ ಫಲವೆಂದು ಪರಿಗಣಿಸಲಾಗಿದೆ. ಅದನ್ನೇ ನಿಜವೆಂದು ಹಿಡಿದರೂ ತೀರ್ಮಾನ ಬದಲಾಗುವುದಿಲ್ಲ.

24 ಗಂಟೆಯ ಕೊನೆಯಲ್ಲಿ ಗೇಜ್ 1ರಿಂದ 4ರವರೆಗೆ ಕ್ರಮವಾಗಿ 6.42, 6.71, 7.25, 6.94 ಮಿ.ಮೀ. ಇತ್ತು. 1 ಮತ್ತು 3ರ ನಡುವಿನ 0.83 ಮಿ.ಮೀ. ವ್ಯತ್ಯಾಸ ಮೊದಲ ನೋಟಕ್ಕೆ ಅನುಮಾನ ಹುಟ್ಟಿಸುತ್ತದೆ. ಆದರೆ 1-3ರ ಸರಾಸರಿ 6.835, 2-4ರ ಸರಾಸರಿ 6.825. ಎರಡು ಎದುರು ಜೋಡಿಗಳೂ ಒಂದೇ ಉತ್ತರ ಕೊಡುತ್ತಿರುವುದರಿಂದ ಗೇಜ್ ಕೆಟ್ಟಿಲ್ಲ. ಪೈಲಿನ ತಲೆ 3ನೇ ಗೇಜ್ ಕಡೆಗೆ ಅಲ್ಪ ವಾಲಿದೆ, ಅಷ್ಟೇ.

5. ಒಪ್ಪಿಗೆಯ ಮಾನದಂಡ

600 ಮಿ.ಮೀ.ವರೆಗಿನ ವ್ಯಾಸದ ಪೈಲಿಗೆ, ಸುರಕ್ಷಿತ ಭಾರದ ಒಂದೂವರೆ ಪಟ್ಟು ಭಾರದಲ್ಲಿ ಒಟ್ಟು ಕುಸಿತ 12 ಮಿ.ಮೀ. ಮೀರಬಾರದು. ಈ ಪೈಲಿನಲ್ಲಿ ವ್ಯಾಸದ ಶೇ 2 ಎಂದರೂ ಅದೇ 12 ಮಿ.ಮೀ. ದಾಖಲಾದದ್ದು 6.83. ಪೈಲ್ 47 ಪರೀಕ್ಷೆಯಲ್ಲಿ ಉತ್ತೀರ್ಣವಾಗಿದೆ.

6. ಫಲಿತಾಂಶದ ವಿಶ್ಲೇಷಣೆ

ಭಾರ ಇಳಿಸಿದ ಮೇಲೆ ಪೈಲ್ 4.09 ಮಿ.ಮೀ. ಮೇಲೆದ್ದಿದೆ, 2.74 ಮಿ.ಮೀ. ಶಾಶ್ವತವಾಗಿ ಉಳಿದಿದೆ. ಪೂರ್ತಿ ಭಾರ ತುದಿಯವರೆಗೆ ಇಳಿಯುತ್ತದೆ ಎಂದುಕೊಂಡರೆ ಕಾಂಕ್ರೀಟ್ ಕುಗ್ಗುವುದು PL/AE ಪ್ರಕಾರ ಹೀಗೆ (ಕಿಲೋನ್ಯೂಟನ್, ಮೀಟರ್):

```
(1471 × 13.5) / (0.2827 × 25000000) = 0.00281
```

ಅಂದರೆ 2.81 ಮಿ.ಮೀ. ಮೇಲೆದ್ದದ್ದು ಇದಕ್ಕಿಂತ ಹೆಚ್ಚಿರುವುದರಿಂದ ಕಾಂಕ್ರೀಟಿನ ಜೊತೆಗೆ ತಳದ ಬಂಡೆಯೂ ಒತ್ತಿಸಿಕೊಂಡು ಮರಳಿದೆ; ಭಾರ ತಳದವರೆಗೆ ಮುಟ್ಟಿದೆ. ಭಾರ-ಕುಸಿತದ ರೇಖೆ 100 ಟನ್‌ನ ಆಚೆ ನಿಧಾನವಾಗಿ ಬಾಗುತ್ತದೆ, ಎಲ್ಲಿಯೂ ಧುಮುಕುವುದಿಲ್ಲ. 24 ಗಂಟೆಯ ಕೊನೆಯ ಆರು ಗಂಟೆಗಳಲ್ಲಿ ಇಳಿದದ್ದು 0.03 ಮಿ.ಮೀ.

ಸುರಕ್ಷಿತ ಭಾರವನ್ನು 125 ಟನ್‌ಗೆ ಏರಿಸಿ ಮುಂದಿನ ಅಂಕಣಗಳಲ್ಲಿ ಪೈಲ್‌ಗಳ ಸಂಖ್ಯೆ ಇಳಿಸಬಹುದೇ ಎಂದು ಗುತ್ತಿಗೆದಾರರು ಕೇಳಿದ್ದಾರೆ. ಈ ಪರೀಕ್ಷೆಯ ಆಧಾರದಲ್ಲಿ ಸಾಧ್ಯವಿಲ್ಲ. 12 ಮಿ.ಮೀ.ಗೆ ಇನ್ನೂ ಐದು ಮಿ.ಮೀ. ಉಳಿದಿರುವುದು ನಿಜ, ಆದರೆ 150 ಟನ್‌ನ ಆಚೆ ಏನಾಗುತ್ತದೆಂದು ಯಾರೂ ಅಳೆದಿಲ್ಲ. ಅದಕ್ಕೆ ಕಟ್ಟಡಕ್ಕೆ ಸೇರದ ಬೇರೆ ಪೈಲಿನ ಮೇಲೆ ಆರಂಭಿಕ ಪರೀಕ್ಷೆ ಬೇಕು, ಭಾರವನ್ನು ಎರಡೂವರೆ ಪಟ್ಟಿನವರೆಗೆ ಒಯ್ಯಬೇಕು.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಮೇಲಿನ 8 ಮೀಟರ್ ತುಂಬುಮಣ್ಣು ಮತ್ತು ಕೆರೆಗೋಡು ಪರೀಕ್ಷೆಯ ವೇಳೆ ಪೈಲನ್ನು ಹಿಡಿದು ಆಧಾರ ಕೊಟ್ಟಿವೆ. ಮುಂದೆ ತುಂಬುಮಣ್ಣಿನ ಭಾರಕ್ಕೆ ಗೋಡು ಕುಗ್ಗುತ್ತಾ ಹೋದರೆ ಅದೇ ಮಣ್ಣು ಪೈಲನ್ನು ಕೆಳಕ್ಕೆ ಎಳೆಯುತ್ತದೆ. ಈ ಕೆಳಸೆಳೆತ ಒಂದೆರಡು ದಿನದ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. 100 ಟನ್ ನಿಗದಿಪಡಿಸುವಾಗ ಇದನ್ನು ಕಳೆಯಲಾಗಿದೆಯೇ ಎಂಬುದನ್ನು ವಿನ್ಯಾಸಕಾರರು ಲಿಖಿತವಾಗಿ ದೃಢೀಕರಿಸಬೇಕು. ಕಂಬಗಳಡಿ ನಾಲ್ಕು ಪೈಲ್‌ಗಳ ಗುಂಪು ಇರುವುದರಿಂದ ಗುಂಪಿನ ಕುಸಿತವೂ ಒಂಟಿ ಪೈಲಿನ 6.83ಕ್ಕಿಂತ ಬೇರೆಯಾಗುತ್ತದೆ, ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು.

7. ಶಿಫಾರಸು

ಒಟ್ಟು 184 ಪೈಲ್‌ಗಳಿಗೆ ಶೇ 0.5ರ ಲೆಕ್ಕದಲ್ಲಿ ಒಂದು ಪರೀಕ್ಷೆ ಸಾಕು. ಆದರೆ ಸಂಹಿತೆ ಇದನ್ನು ಶೇ 2ರವರೆಗೆ ಹೆಚ್ಚಿಸಲು ಅವಕಾಶ ಕೊಡುತ್ತದೆ, ಇಲ್ಲಿ ಹೆಚ್ಚಿಸಲು ಕಾರಣವೂ ಇದೆ. ಈಶಾನ್ಯ ಮೂಲೆಯಲ್ಲಿ ಬಂಡೆ ಆಳಕ್ಕೆ ಇಳಿದಿದೆ, ಅಲ್ಲಿನ ಪೈಲ್‌ಗಳ ತಳವನ್ನು ಉಳಿಯ ಹೊಡೆತದ ಮೇಲೆ ಅಂದಾಜಿಸಿ ನಿಲ್ಲಿಸಲಾಗಿದೆ. ಪೈಲ್ 47ರ ಫಲಿತಾಂಶವನ್ನು ಆ ಮೂಲೆಗೆ ಅನ್ವಯಿಸಬಾರದು. ಅಲ್ಲಿ ಇನ್ನೊಂದು ವಾಡಿಕೆಯ ಪರೀಕ್ಷೆಯನ್ನೂ ಎಲ್ಲ ಪೈಲ್‌ಗಳ ಅಖಂಡತೆಯ ಪರೀಕ್ಷೆಯನ್ನೂ ಮಾಡಿಸಬೇಕು. ಫಲಿತಾಂಶ ಕೈಸೇರುವವರೆಗೆ ಈಶಾನ್ಯ ಮೂಲೆಯ ಪೈಲ್ ಕ್ಯಾಪ್‌ಗಳಿಗೆ ಕಾಂಕ್ರೀಟ್ ಹಾಕಬಾರದು. ಉಳಿದ ಭಾಗದ ಕ್ಯಾಪ್‌ಗಳ ಕೆಲಸವನ್ನು ಕೆಳಸೆಳೆತದ ಬಗ್ಗೆ ವಿನ್ಯಾಸಕಾರರ ದೃಢೀಕರಣ ಬಂದ ಕೂಡಲೇ ಆರಂಭಿಸಬಹುದು.

ಪರೀಕ್ಷಾ ಎಂಜಿನಿಯರ್
ತಿಪಟೂರು, 2025ರ ಫೆಬ್ರವರಿ 17